ಓಪಿಯಾಯ್ಡ್ ನೋವುನಿವಾರಕಗಳು ಮತ್ತು ಟೆಸ್ಟೋಸ್ಟೆರೋನ್ ಕೊರತೆ

ಅಫೀಮಿನಂತೆ ನರಮಂಡಲದ ಮೇಲೆ ಕೆಲಸಮಾಡುವ ಮಾರ್ಫಿನ್, ಮೆಥಡೋನ್, ಫೆಂಟನಿಲ್, ಟ್ರಮಡಾಲ್ ಮೊದಲಾದ ನೋವುನಿವಾರಕಗಳ ದೀರ್ಘಕಾಲದ ಸೇವನೆಯಿಂದ ಪುರುಷ ಹಾರ್ಮೋನಾದ ಟೆಸ್ಟೋಸ್ಟೆರೋನ್ ತಗ್ಗಿ, ಕಾಮಾಸಕ್ತಿ ಕುಂದುವ ಸ್ಥಿತಿ. ಈ ಔಷಧಗಳು ಮಿದುಳಿನ ಹೈಪೋಥಲಾಮಸ್ ಭಾಗವನ್ನು ಅದುಮುವುದರಿಂದ, ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ ಕಳಿಸುವ ಎಲ್‌ಎಚ್ ಎಂಬ ಪ್ರಚೋದಕ ಹಾರ್ಮೋನು ಕಡಿಮೆಯಾಗುತ್ತದೆ. ವೃಷಣಗಳು ಆರೋಗ್ಯವಾಗಿದ್ದರೂ ಉತ್ಪಾದನೆ ಕುಸಿಯುತ್ತದೆ. ಟ್ರಮಡಾಲ್ ದುರ್ಬಲ ಓಪಿಯಾಯ್ಡ್ ಆದರೂ ಸಿರೊಟೋನಿನ್ ಎಂಬ ನರವಾಹಕದ ಮರುಹೀರಿಕೆಯನ್ನೂ ತಡೆಯುವುದರಿಂದ, ರಕ್ತಪರೀಕ್ಷೆ ಸರಿಯಿದ್ದಾಗಲೂ ಆಸಕ್ತಿ ಕುಗ್ಗಬಹುದು, ಸ್ಖಲನ ತಡವಾಗಬಹುದು.

ದಣಿವು, ಮಂಕುತನಗಳನ್ನು ನೋವಿನ ಲೆಕ್ಕಕ್ಕೇ ಹಾಕಿಬಿಡುವುದರಿಂದ ಈ ಕೊರತೆ ಹೆಚ್ಚಾಗಿ ಪತ್ತೆಯಾಗುವುದಿಲ್ಲ. ಬೆಳಿಗ್ಗೆ 8ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆಬೇರೆ ಎರಡು ದಿನ ಅಳೆದ ಟೆಸ್ಟೋಸ್ಟೆರೋನ್ ಕಡಿಮೆಯಿದ್ದು, ಎಲ್‌ಎಚ್ ಅದಕ್ಕೆ ತಕ್ಕಂತೆ ಏರದಿದ್ದರೆ ದೋಷ ಮಿದುಳಿನ ಮಟ್ಟದ್ದೆಂದು ತಿಳಿಯುತ್ತದೆ. ಆಗ ಪ್ರೊಲ್ಯಾಕ್ಟಿನ್ ಹಾರ್ಮೋನನ್ನೂ ಅಳೆದು ಪಿಟ್ಯುಟರಿಯ ಇತರ ರೋಗಗಳನ್ನು ತಳ್ಳಿಹಾಕಬೇಕು.

ಮೊದಲ ಪರಿಹಾರ ಔಷಧದ ಪ್ರಮಾಣ ಇಳಿಸುವುದು. ಬೆನ್ನುನೋವಿಗೆ ವರ್ಷಗಟ್ಟಲೆ ದಿನಕ್ಕೆ 50 ಮಿ.ಗ್ರಾಂ.ನ ನಾಲ್ಕು ಟ್ರಮಡಾಲ್ ಕ್ಯಾಪ್ಸೂಲ್ ನುಂಗುವವರಿಗೆ ವೈದ್ಯರು ಸುಮಾರು ತಿಂಗಳಿಗೊಂದು ಕ್ಯಾಪ್ಸೂಲ್ ಕಡಿಮೆ ಮಾಡುತ್ತ, ಕೊನೆಯ ಹಂತದಲ್ಲಿ ಇನ್ನೂ ನಿಧಾನಿಸುತ್ತ, ಜೊತೆಗೆ ವ್ಯಾಯಾಮ ಚಿಕಿತ್ಸೆ ಸೂಚಿಸಬಹುದು. ಒಮ್ಮೆಲೇ ನಿಲ್ಲಿಸಿದರೆ ಬೆವರು, ಭೇದಿ, ನಿದ್ರಾಹೀನತೆ, ತೀವ್ರ ಕಳವಳ ಕಾಡುತ್ತವೆ. ನಿಲ್ಲಿಸಲಾಗದವರಿಗೆ ಹಾರ್ಮೋನನ್ನು ಕಡಿಮೆ ಬಾಧಿಸುವ ಬುಪ್ರೆನಾರ್ಫಿನ್ ಒಂದು ಆಯ್ಕೆ. ಟೆಸ್ಟೋಸ್ಟೆರೋನನ್ನೇ ಹೊರಗಿನಿಂದ ಕೊಡುವುದು ನಂತರದ ಮಾತು. ಅದು ರಕ್ತವನ್ನು ಮಂದಗೊಳಿಸಬಹುದಾದ್ದರಿಂದ ನಿಯತ ತಪಾಸಣೆ ಬೇಕು, ವೀರ್ಯಾಣು ಉತ್ಪಾದನೆಯನ್ನು ತಡೆಯುವುದರಿಂದ ಮಕ್ಕಳನ್ನು ಬಯಸುವವರಿಗೆ ಸಲ್ಲದು. ಓಪಿಯಾಯ್ಡ್ ಪೂರ್ತಿ ಬಿಟ್ಟವರಲ್ಲಿ ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಹಾರ್ಮೋನು ತಾನಾಗಿ ಚೇತರಿಸಿಕೊಳ್ಳುತ್ತದೆ.