ಬಾವಿಯೊಳಗೆ ಇಳಿದ ಮೋಟಾರು

ಹಳೆಯ ಶಾಲಾ ವಾರ್ಷಿಕ ಸಂಚಿಕೆಗಳನ್ನು ಯಾರೂ ಇತಿಹಾಸದ ಆಕರವೆಂದು ಎಣಿಸುವುದಿಲ್ಲ. ಅವುಗಳಲ್ಲಿ ಹೆಚ್ಚಾಗಿ ಇರುವುದು ಪ್ರವಾಸ ಕಥನ, ಚುಟುಕು, ಕ್ರೀಡಾಕೂಟದ ಫಲಿತಾಂಶ. ಹಿರಿಯೂರು ಸೀಮೆಯ ಪ್ರೌಢಶಾಲೆಯೊಂದರ ಸಂಚಿಕೆಯಲ್ಲಿ ಮಾತ್ರ ನನಗೆ 1972-73ರ ಬರದ ಬಗ್ಗೆ ವಿದ್ಯಾರ್ಥಿಯೊಬ್ಬ ಬರೆದ ಎರಡು ಪುಟದ ವರದಿ ಸಿಕ್ಕಿತು. 1972ರಲ್ಲಿ ದೇಶದ ಒಟ್ಟು ಮುಂಗಾರು ವಾಡಿಕೆಗಿಂತ ಸುಮಾರು ಶೇಕಡ 24ರಷ್ಟು ಕಡಿಮೆಯಾಗಿತ್ತು. ಆ ಹುಡುಗನಿಗೆ ಈ ಅಂಕಿ ಗೊತ್ತಿರಲಿಲ್ಲ. ಅವನು ಬರೆದದ್ದು ತಮ್ಮ ಹೊಲ, ತಮ್ಮ ಬಾವಿ ಮತ್ತು ವಾಣಿವಿಲಾಸ ಸಾಗರದ ವಿಚಾರ.

ಹೊಲದ ಮಾತು ಬೇಗ ಮುಗಿಯುತ್ತದೆ. ಬಿತ್ತಿದ ರಾಗಿ ಮೊಳಕೆಯಲ್ಲೇ ಒಣಗಿತು, ಶೇಂಗಾ ಹೂವಿನಲ್ಲಿ ನಿಂತಿತು. ಕಾಳಿಗಿಂತ ಮೊದಲು ಮುಗಿದದ್ದು ಮೇವು. ದೀಪಾವಳಿ ಕಳೆಯುವಷ್ಟರಲ್ಲಿ ಜನ ಎತ್ತುಗಳನ್ನು ಸಂತೆಗೆ ಹೊಡೆದರು. ಇದನ್ನು ಅವನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಆದರೆ ಆಗ ಎಷ್ಟೋ ಬಾವಿಗಳಿಂದ ನೀರೆತ್ತುತ್ತಿದ್ದದ್ದು ಕಪಿಲೆ. ಎತ್ತು ಮಾರಿದವನ ಬಾವಿಯಲ್ಲಿ ನೀರಿದ್ದರೂ ಅದು ತೋಟಕ್ಕೆ ಬರುವಂತಿರಲಿಲ್ಲ. ಎತ್ತು ಉಳಿಸಿಕೊಂಡವನಿಗೆ ಇನ್ನೊಂದು ತೊಡಕು. ಕಪಿಲೆಯ ಎತ್ತು ಇಳಿಜಾರಿನಲ್ಲಿ ಎಷ್ಟು ದೂರ ಇಳಿಯುತ್ತದೋ ತೊಗಲಿನ ಚೀಲ ಅಷ್ಟೇ ಮೇಲೆ ಬರುತ್ತದೆ. ನೀರು ಇಳಿಜಾರಿನ ಉದ್ದಕ್ಕಿಂತ ಕೆಳಗೆ ಹೋದರೆ ಹಗ್ಗ ಉದ್ದ ಮಾಡಿ ಪ್ರಯೋಜನವಿಲ್ಲ, ಇಳಿಜಾರನ್ನೇ ಅಗೆದು ಉದ್ದ ಮಾಡಬೇಕು.

ಹುಡುಗನ ಮನೆಯಲ್ಲಿ ಕರೆಂಟಿನ ಪಂಪ್‌ಸೆಟ್ ಇತ್ತು. ವರದಿಯಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸಿದ ಸಂಗತಿ ಇಲ್ಲಿದೆ. ದಡದ ಮೇಲಿದ್ದ ಮೋಟಾರನ್ನು ಸಂಕ್ರಾಂತಿಯ ಹೊತ್ತಿಗೆ ಬಾವಿಯ ಗೋಡೆ ಕೊರೆದು 15 ಅಡಿ ಕೆಳಗೆ ಕೂರಿಸಿದರು, ಯುಗಾದಿಗೆ ಇನ್ನೂ 15 ಅಡಿ ಇಳಿಸಿದರು ಎಂದು ಅವನು ಬರೆಯುತ್ತಾನೆ. ನೀರು ಎಷ್ಟು ಆಳದಲ್ಲಿತ್ತು ಎಂದು ಹೇಳುವುದಿಲ್ಲ, ಆದರೂ ನಾವು ಲೆಕ್ಕ ಹಾಕಬಹುದು. ಇಂಥ ಪಂಪು ನೀರನ್ನು ಹೀರುವುದು ಗಾಳಿಯ ಒತ್ತಡದ ಬಲದಿಂದ. ಹಾಗಾಗಿ ತನ್ನ ಕೆಳಗಿನ ಸುಮಾರು 25 ಅಡಿಯವರೆಗಿನ ನೀರನ್ನಷ್ಟೇ ಅದು ಎತ್ತಬಲ್ಲದು. ಆಮೇಲೆ ಎಷ್ಟು ಎತ್ತರಕ್ಕೆ ತಳ್ಳುತ್ತದೆ ಎಂಬುದು ಮೋಟಾರಿನ ಶಕ್ತಿಗೆ ಬಿಟ್ಟದ್ದು. ಮೊದಲ ಸಲ ಇಳಿಸಿದಾಗ ನೀರು 25 ಅಡಿಯ ಆಸುಪಾಸಿಗೆ ಹೋಗಿರಬೇಕು. ಎರಡನೆಯ ಸಲ ಇಳಿಸಬೇಕಾದರೆ 15ಕ್ಕೆ 25 ಸೇರಿಸಿ, 40 ಅಡಿ. ಮೂರು ತಿಂಗಳಲ್ಲಿ ಸುಮಾರು 15 ಅಡಿ ಇಳಿತ. ವೈಶಾಖದಲ್ಲಿ ಒಂದು ಗಂಟೆ ಓಡಿಸಿದರೆ ಬಾವಿ ಬರಿದಾಗುತ್ತಿತ್ತು, ಮತ್ತೆ ಒರತೆ ತುಂಬಲು ಇಡೀ ರಾತ್ರಿ ಕಾಯಬೇಕಿತ್ತು ಎಂಬ ಮಾತು ಈ ಲೆಕ್ಕಕ್ಕೆ ಹೊಂದುತ್ತದೆ.

ಕೊನೆಯ ಭಾಗ ಜಲಾಶಯದ್ದು. ನಮ್ಮೂರಲ್ಲಿ ಎರಡು ದಿನ ಒಳ್ಳೆಯ ಮಳೆ ಬಿದ್ದರೂ ಮಾರಿಕಣಿವೆಯ ನೀರು ಏಕೆ ಏರಲಿಲ್ಲ ಎಂದು ಹುಡುಗ ಕೇಳುತ್ತಾನೆ. ಉತ್ತರ ಪಶ್ಚಿಮಕ್ಕಿದೆ. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟೆಯ ನೀರು ವೇದಾವತಿಯದು. ವೇದಾ ಮತ್ತು ಅವತಿ ಹುಟ್ಟುವುದು ಬಾಬಾಬುಡನ್ ಬೆಟ್ಟಗಳಲ್ಲಿ, ಸೇರುವುದು ಕಡೂರಿನ ಬಳಿ. ದಾರಿಯಲ್ಲಿ ಅಯ್ಯನಕೆರೆ, ಮದಗದ ಕೆರೆಯಂಥ ದೊಡ್ಡ ಕೆರೆಗಳು ತುಂಬಿ ಕೋಡಿ ಬಿದ್ದ ಮೇಲೆ ಉಳಿದದ್ದು ಹಿರಿಯೂರಿಗೆ. ಮಳೆ ಸ್ವಲ್ಪ ಕಡಿಮೆಯಾದರೂ ಜಲಾಶಯಕ್ಕೆ ಬರುವ ನೀರು ಬಹಳ ಕಡಿಮೆಯಾಗುತ್ತದೆ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹುಡುಗ ಬರೆಯುವಾಗ ಅಪ್ಪನ ತಲೆಮಾರಿನವರು ಮಾತ್ರ ಅದನ್ನು ಕಂಡಿದ್ದರು.

ವರದಿ ಬಿಟ್ಟದ್ದೂ ಇದೆ. ಬಾವಿ ಇಲ್ಲದವರು ಅದರಲ್ಲಿಲ್ಲ. ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿ ಒಡೆಯಲು ಹೋದವರ ಮಾತು ಅರ್ಧ ಸಾಲಿನಲ್ಲಿ ಬಂದು ಹೋಗುತ್ತದೆ. ಕುಡಿಯುವ ನೀರಿಗೆ ಯಾವ ಕೇರಿಯವರು ಯಾರ ಬಾವಿಗೆ ಹೋಗಬಹುದಿತ್ತು ಎಂಬುದನ್ನು ಹುಡುಗನೂ ಬರೆದಿಲ್ಲ, ತಿದ್ದಿದ ಮೇಷ್ಟರೂ ಕೇಳಿಲ್ಲ. ಮೋಟಾರು ಇಳಿಸಲು ದುಡ್ಡಿದ್ದ ಮನೆಯಿಂದ ಕಂಡ ಬರ ಇದು.

ಜೂನ್‌ನಲ್ಲಿ ಮಳೆ ಬಂತು, ತೆಂಗಿನ ಮರಗಳು ಉಳಿದವು ಎಂದು ಅವನು ಸಂತೋಷದಿಂದ ಮುಗಿಸುತ್ತಾನೆ. ಆದರೆ ತೆಂಗಿನಲ್ಲಿ ಹೊಂಬಾಳೆ ಬಿರಿದು ಕಾಯಿ ಬಲಿಯಲು ವರ್ಷ ಬೇಕು, ಆ ಹೊಂಬಾಳೆ ಸುಳಿಯೊಳಗೆ ರೂಪುಗೊಳ್ಳುವುದು ಅದಕ್ಕೂ ಬಹಳ ಮೊದಲು. ಬರದ ಪೆಟ್ಟು ಇಳುವರಿಯಲ್ಲಿ ಕಾಣುವುದು ಮುಂದಿನ ಎರಡು ವರ್ಷಗಳಲ್ಲಿ. ಸಂಚಿಕೆ ಅಚ್ಚಾಗುವಾಗ ಆ ತೋಟದ ನಷ್ಟ ಇನ್ನೂ ಮುಂದಿತ್ತು.