ಲೆಸ್, ಫ್ಯೂಯರ್: ಪಾಠದಲ್ಲಿ ಒಂದು ತಕರಾರಿನ ನಿಯಮ

ಲೆಸ್ – ‘ಕಡಿಮೆ’ ಎಂಬರ್ಥದ ಇಂಗ್ಲಿಷ್ ಪದ. ಒಂಬತ್ತನೆಯ ಶತಮಾನದ ದೊರೆ ಆಲ್‌ಫ್ರೆಡ್‌ನ ಬರಹದಲ್ಲಿ ಇದು ‘ಮಾತುಗಳ ಪೈಕಿ ಕಡಿಮೆ’ ಎಂಬಂತೆ ಷಷ್ಠಿ ವಿಭಕ್ತಿಯೊಡನೆ ಬಂದಿದೆ. ಮುಂದೆ ಆ ಪ್ರತ್ಯಯ ಸವೆದುಹೋಗಿ, ಎಣಿಸಬಹುದಾದ ವಸ್ತುಗಳ ಹೆಸರಿಗೆ ಮೊದಲೂ ಲೆಸ್ ನೇರವಾಗಿ ನಿಂತಿತು. ಎಣಿಕೆಗೆ ‘ಫ್ಯೂಯರ್’ ಚೆಂದ ಎಂದು 1770ರಲ್ಲಿ ಲೇಖಕ ರಾಬರ್ಟ್ ಬೇಕರ್ ಬರೆದದ್ದು ತನ್ನ ಒಲವಾಗಿ. ನಂತರದ ವ್ಯಾಕರಣಕಾರರು ಅದನ್ನು ಕಟ್ಟಳೆ ಮಾಡಿದರು.

ಕನ್ನಡದಲ್ಲಿ ನೀರೂ ಕಡಿಮೆ, ಜನವೂ ಕಡಿಮೆ; ಆದ್ದರಿಂದ ನಮ್ಮ ಮಕ್ಕಳಿಗೆ ಈ ಭೇದವನ್ನು ಬಿಡಿಸಿಯೇ ಹೇಳಬೇಕು. ‘ಎಣಿಸಿದರೆ ಫ್ಯೂಯರ್’ ಎಂದಷ್ಟೇ ಕಲಿಸಿದರೆ ಅವರು ‘ಫ್ಯೂಯರ್ ದ್ಯಾನ್ ಟೆನ್ ಕಿಲೋಮೀಟರ್ಸ್’ ಎಂದು ಬರೆಯುತ್ತಾರೆ. ಅದು ತಪ್ಪು, ಏಕೆಂದರೆ ಹತ್ತು ಕಿಲೋಮೀಟರ್ ಎಂದರೆ ಒಂದೇ ದೂರ. ಹಣ, ಸಮಯ, ತೂಕಕ್ಕೂ ಲೆಸ್ ಸಲ್ಲುತ್ತದೆ. ‘ಲೆಸ್ ಸ್ಟೂಡೆಂಟ್ಸ್’ ಮಾತಿನಲ್ಲಿ ಸಾಮಾನ್ಯವಾಗಿದೆ. ಪರೀಕ್ಷೆಯಲ್ಲಿ ಮಾತ್ರ ‘ಫ್ಯೂಯರ್ ಸ್ಟೂಡೆಂಟ್ಸ್’ ಬರೆಯುವುದು ಕ್ಷೇಮ. ಇವೆರಡನ್ನೂ ತರಗತಿಯಲ್ಲಿ ಒಟ್ಟಿಗೇ ಹೇಳಬೇಕು.