ಹೆಜ್ಜೆಗೆ ಕಟ್ಟಿದ ತಾಳ: ನಡಿಗೆಯ ಚಿಕಿತ್ಸೆಯಲ್ಲಿ ಲಯವು ಸಾಧನವಾದ ಬಗೆ

ಸಂಗೀತಗಾರರು ಹಾಡಿನ ವೇಗವನ್ನು ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ಎಣಿಸುತ್ತಾರೆ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ನಡಿಗೆ ಕಲಿಸುವ ಫಿಸಿಯೋಥೆರಪಿಸ್ಟ್ ನಿಮಿಷಕ್ಕೆ ಇಷ್ಟು ಹೆಜ್ಜೆ ಎಂದು ಎಣಿಸುತ್ತಾರೆ. ಈ ಎರಡು ಎಣಿಕೆಗಳು ಒಂದೇ ಅಳತೆಯವು. 1815ರಲ್ಲಿ ಮೆಲ್ಟ್ಸೆಲ್ ಮೆಟ್ರೋನೋಮಿಗೆ ಪೇಟೆಂಟ್ ಪಡೆದಾಗಿನಿಂದ ಆ ಉಪಕರಣ ಪಾಶ್ಚಾತ್ಯ ಸಂಗೀತಗಾರರ ಮೇಜಿನ ಮೇಲೆ ಇದ್ದೇ ಇದೆ. ನರರೋಗಿಗಳ ನಡಿಗೆಯನ್ನು ಹೆಜ್ಜೆಯ ಲೆಕ್ಕದಲ್ಲಿ ಗಮನಿಸುವ ವೈದ್ಯರೂ ಇದ್ದರು. ಆದರೂ ಒಂದರ ಗುಂಡಿಯನ್ನು ಇನ್ನೊಂದರ ಲೆಕ್ಕಕ್ಕೆ ಹೊಂದಿಸಿ ಕ್ರಮಬದ್ಧವಾದ ಚಿಕಿತ್ಸೆಯಾಗಿ ಪರೀಕ್ಷಿಸುವ ಕೆಲಸ ನೆಲೆಗೊಂಡದ್ದು 1990ರ ದಶಕದಲ್ಲಿ. ಪರಸ್ಪರ ಸಂಬಂಧವಿಲ್ಲದಂತೆ ಕಾಣುವ ಎರಡು ಕ್ಷೇತ್ರಗಳು ಕೂಡಿ ಒಂದು ಹೊಸ ಸೇವೆಯಾಗಿ, ಮುಂದೆ ಒಂದು ಉಪಕರಣವಾಗಿ ಬೆಳೆದ ಈ ಪ್ರಸಂಗವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇಲ್ಲಿ ನನ್ನ ವಾದ ಇಷ್ಟೇ: ಇವನ್ನು ಕೂಡಿಸಿದ್ದು ಸಂಗೀತದ ಇಂಪಲ್ಲ, ಎರಡೂ ಕಡೆ ಒಂದೇ ಅರ್ಥ ಕೊಡುವ ಈ ಅಳತೆ. ಆ ಅಳತೆ ಎಲ್ಲಿ ಕೈಬಿಡುತ್ತದೆಯೋ ಅಲ್ಲಿ ಚಿಕಿತ್ಸೆಯೂ ಕೈಬಿಡುತ್ತದೆ.

ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಈ ಕೆಲಸ ಆರಂಭಿಸಿದ ಮೈಕೆಲ್ ಥಾಟ್ ಪಿಟೀಲು ಕಲಿತು ಬಂದವರು. ನರರೋಗ ತಜ್ಞ ಜೆರಾಲ್ಡ್ ಮ್ಯಾಕಿಂಟಾಶ್ ಮತ್ತಿತರರ ಜೊತೆಗೂಡಿ ಅವರು 1996ರಲ್ಲಿ ಪಾರ್ಕಿನ್ಸನ್ ರೋಗಿಗಳ ಮೇಲಿನ ಅಧ್ಯಯನವನ್ನು ಪ್ರಕಟಿಸಿದರು. ಹದಿನೈದು ಮಂದಿ ಮೂರು ವಾರಗಳ ಕಾಲ ತಮ್ಮ ಮನೆಯಲ್ಲೇ ದಿನಕ್ಕೆ ಅರ್ಧ ಗಂಟೆ ಕ್ಯಾಸೆಟ್ ಕೇಳುತ್ತ ನಡೆದರು. ಕ್ಯಾಸೆಟ್ಟಿನಲ್ಲಿದ್ದದ್ದು ಕೇವಲ ವಾದ್ಯಸಂಗೀತ, ಅದರೊಳಗೆ ಮೆಟ್ರೋನೋಮಿನ ಪೆಟ್ಟನ್ನು ಹೆಣೆದಿದ್ದರು. ಮೂರು ವಾರಗಳ ಕೊನೆಗೆ ಇವರ ನಡಿಗೆಯ ವೇಗ ಸರಾಸರಿ ಶೇ 25ರಷ್ಟು ಹೆಚ್ಚಿತ್ತು. ಹೆಜ್ಜೆಯ ಉದ್ದ ಶೇ 12ರಷ್ಟು, ಹೆಜ್ಜೆಯ ಎಣಿಕೆ ಶೇ 10ರಷ್ಟು ಏರಿದ್ದವು. ಸಂಗೀತವಿಲ್ಲದೆ ತಮ್ಮದೇ ಗತಿಯಲ್ಲಿ ಅಭ್ಯಾಸ ಮಾಡಿದ ಗುಂಪಿಗೆ ಇಷ್ಟು ಲಾಭವಾಗಲಿಲ್ಲ. ಈ ವಿಧಾನಕ್ಕೆ ಲಯಬದ್ಧ ಶ್ರವಣ ಪ್ರಚೋದನೆ ಎಂಬ ಅರ್ಥದ ಹೆಸರು ನಿಂತಿತು. ಮರುವರ್ಷವೇ ಅದೇ ತಂಡ ಪಾರ್ಶ್ವವಾಯು ರೋಗಿಗಳಲ್ಲಿಯೂ ಇದನ್ನು ಪರೀಕ್ಷಿಸಿತು.

ಕಿವಿಗೂ ಕಾಲಿಗೂ ಇರುವ ನಂಟು ಎಂಥದು? ತಾಳಕ್ಕೆ ಬೆರಳು ತಟ್ಟಲು ಹೇಳಿದರೆ ಸಾಮಾನ್ಯವಾಗಿ ಬೆರಳು ಪೆಟ್ಟಿಗಿಂತ ಮಿಲಿಸೆಕೆಂಡುಗಳ ಕೆಲವು ಹತ್ತುಗಳಷ್ಟು ಮೊದಲೇ ಬೀಳುತ್ತದೆ. ಪೆಟ್ಟು ಕೇಳಿದ ಮೇಲೆ ತಟ್ಟುವುದಾಗಿದ್ದರೆ ಬೆರಳು ಹಿಂದೆ ಬೀಳಬೇಕಿತ್ತು. ಅಂದರೆ ಮಿದುಳು ಹಿಡಿದಿಟ್ಟುಕೊಳ್ಳುವುದು ಪೆಟ್ಟನ್ನಲ್ಲ, ಎರಡು ಪೆಟ್ಟುಗಳ ನಡುವಿನ ಅಂತರವನ್ನು. ಆ ಅಂತರದಿಂದ ಮುಂದಿನ ಪೆಟ್ಟನ್ನು ಅದು ಮೊದಲೇ ಲೆಕ್ಕ ಹಾಕುತ್ತದೆ. ಅಂತರವನ್ನು ಕೇಳುಗನ ಅರಿವಿಗೇ ಬಾರದಷ್ಟು ಸ್ವಲ್ಪ ಬದಲಿಸಿದರೂ ಬೆರಳು ತಾನಾಗಿಯೇ ಹೊಂದಿಕೊಳ್ಳುತ್ತದೆ. ನಮ್ಮ ಸಂಗೀತದ ಶಿಕ್ಷಣದಲ್ಲಿ ಕಾಲಪ್ರಮಾಣ ಕೂರಬೇಕು ಎನ್ನುವುದು ಇದನ್ನೇ. ತಾಳ ಹಾಕುವ ಕೈಯ ಪೆಟ್ಟಿಗಿಂತ ಪೆಟ್ಟುಗಳ ನಡುವಿನ ಖಾಲಿ ಜಾಗ ಮುಖ್ಯ ಎಂದು ಮೃದಂಗದ ಗುರುಗಳು ಶಿಷ್ಯರಿಗೆ ತಿದ್ದಿ ಹೇಳುತ್ತಾರೆ.

ನಡಿಗೆಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಮುಂದಿನ ಹೆಜ್ಜೆ ಯಾವಾಗ ಎಂಬುದು ಮೊದಲೇ ಗೊತ್ತಿದ್ದರೆ ಕಾಲೆತ್ತಿ ಮುಂದಿಟ್ಟು ಊರುವ ಇಡೀ ಚಲನೆಯನ್ನು ಸ್ನಾಯುಗಳು ಆ ಅವಧಿಯೊಳಗೆ ಹಂಚಿಕೊಳ್ಳಬಹುದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುತ್ತ ಹೋಗಿ, ಚಲನೆಗೆ ಒಳಗಿನಿಂದ ಕಾಲ ಕೊಡುವ ವ್ಯವಸ್ಥೆ ಕುಂದುತ್ತದೆ. ಹೊರಗಿನ ತಾಳ ಆ ಕೊರತೆಯನ್ನು ಬಳಸುದಾರಿಯಿಂದ ತುಂಬುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಪಾರ್ಶ್ವವಾಯುವಿನಲ್ಲಿ ತೊಂದರೆ ಬೇರೆ ರೀತಿಯದು. ಅಲ್ಲಿ ಒಂದು ಕಾಲು ಬಲಹೀನವಾಗಿ ಎಡಬಲದ ಹೊಂದಿಕೆ ಕೆಟ್ಟಿರುತ್ತದೆ.

ವಿಧಾನ ಕೆಲಸ ಮಾಡುವುದನ್ನು ನೋಡಲು ಒಂದು ಕಲ್ಪಿತ ಉದಾಹರಣೆಯನ್ನು ಲೆಕ್ಕ ಹಾಕೋಣ. ಪಾರ್ಶ್ವವಾಯುವಾಗಿ ಎಂಟು ತಿಂಗಳು ಕಳೆದ, ಎಡಗಾಲು ಸೋತಿರುವ ಅರವತ್ತು ವರ್ಷದವರೊಬ್ಬರು 10 ಮೀಟರ್ ದೂರವನ್ನು 20 ಸೆಕೆಂಡಿನಲ್ಲಿ 24 ಹೆಜ್ಜೆಗಳಲ್ಲಿ ನಡೆಯುತ್ತಾರೆ ಎಂದಿಟ್ಟುಕೊಳ್ಳೋಣ. ಅವರ ಎಣಿಕೆ ನಿಮಿಷಕ್ಕೆ 72 ಹೆಜ್ಜೆ, ವೇಗ ಸೆಕೆಂಡಿಗೆ ಅರ್ಧ ಮೀಟರ್, ಒಂದು ಹೆಜ್ಜೆಯ ಸರಾಸರಿ ಉದ್ದ ಸುಮಾರು 42 ಸೆಂಟಿಮೀಟರ್. ಚಿಕಿತ್ಸೆ ಇಲ್ಲಿಂದಲೇ ಆರಂಭವಾಗಬೇಕು. ಮೊದಲು ಮೆಟ್ರೋನೋಮನ್ನು 72ಕ್ಕೇ ಇಟ್ಟು ರೋಗಿ ಅದರೊಳಗೆ ಕೂರುವವರೆಗೆ ನಡೆಸುತ್ತಾರೆ. ಆರೋಗ್ಯವಂತರು ನಿಮಿಷಕ್ಕೆ ನೂರಕ್ಕೂ ಹೆಚ್ಚು ಹೆಜ್ಜೆ ಹಾಕುತ್ತಾರೆ ಎಂದು ಒಮ್ಮೆಗೇ ಅಲ್ಲಿಗೆ ಏರಿಸುವಂತಿಲ್ಲ. ನಡಿಗೆ ಸ್ಥಿರವಾದ ಮೇಲೆ ಶೇ 5ರಷ್ಟು ಏರಿಸಿ 76ಕ್ಕೆ ತರುತ್ತಾರೆ. ಕಡೆಗೆ ತಾಳವನ್ನು ನಡುನಡುವೆ ನಿಲ್ಲಿಸಿ, ಅದಿಲ್ಲದೆಯೂ ನಡಿಗೆ ಉಳಿಯುತ್ತದೆಯೇ ಎಂದು ನೋಡುತ್ತಾರೆ.

76ಕ್ಕೆ ಏರಿಸಿದಾಗ ಏನಾಯಿತು ಎಂಬುದನ್ನು ಬರೀ ಕಣ್ಣಳತೆಯಿಂದ ತೀರ್ಮಾನಿಸಬಾರದು. ರೋಗಿ ಅದೇ ದೂರವನ್ನು 18 ಸೆಕೆಂಡಿನಲ್ಲಿ 23 ಹೆಜ್ಜೆಗಳಲ್ಲಿ ಮುಗಿಸಿದರೆ ಎಣಿಕೆಯ ಜೊತೆಗೆ ಹೆಜ್ಜೆಯ ಉದ್ದವೂ ಹೆಚ್ಚಿದೆ ಎಂದಾಯಿತು. ತಾಳ ಉಪಕಾರ ಮಾಡಿದೆ. ಬದಲಿಗೆ 20 ಸೆಕೆಂಡನ್ನೇ ತೆಗೆದುಕೊಂಡು 25 ಹೆಜ್ಜೆ ಹಾಕಿದರೆ ಕಾಲು ತಾಳಕ್ಕೆ ಬಿದ್ದಿದೆ, ಹೆಜ್ಜೆ ಮಾತ್ರ 40 ಸೆಂಟಿಮೀಟರಿಗೆ ಕುಗ್ಗಿದೆ. ನೋಡುವವರಿಗೆ ಚುರುಕಾಗಿ ಕಂಡರೂ ಇದು ಹಿನ್ನಡೆ. ಪಾರ್ಕಿನ್ಸನ್ ರೋಗಿಗಳಲ್ಲಿ ಇದು ಅಪಾಯಕ್ಕೂ ದಾರಿ: ಹೆಜ್ಜೆ ಚಿಕ್ಕದಾಗುತ್ತ ವೇಗ ಏರುತ್ತ ಮುಗ್ಗರಿಸುವುದು ಆ ಕಾಯಿಲೆಯ ಲಕ್ಷಣವೇ ಆಗಿದೆ. ಆಗ ತಾಳವನ್ನು ಏರಿಸದೆ ಇಳಿಸಬೇಕು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. 72ರ ಎಣಿಕೆಯಲ್ಲಿ ಒಂದು ಹೆಜ್ಜೆಗೆ ಸಿಗುವ ಕಾಲ 0.83 ಸೆಕೆಂಡು. ನಮ್ಮ ರೋಗಿ ಎಡಗಾಲು ಮುಂದಿಡಲು 0.95 ಸೆಕೆಂಡು, ಬಲಗಾಲಿಗೆ 0.72 ಸೆಕೆಂಡು ತೆಗೆದುಕೊಳ್ಳುತ್ತಿದ್ದರೂ ಸರಾಸರಿ ಎಣಿಕೆ 72ರ ಆಸುಪಾಸಿನಲ್ಲೇ ಇರುತ್ತದೆ. ಕುಂಟು ಲೆಕ್ಕದಲ್ಲಿ ಅಡಗಿಬಿಡುತ್ತದೆ. ಪ್ರತಿ ಹೆಜ್ಜೆಗೂ ಒಂದೊಂದು ಪೆಟ್ಟು ಕೇಳಿಸಿದರೆ ಎರಡೂ ಕಾಲಿಗೆ ಸಮನಾದ ಗುರಿ ಸಿಗುತ್ತದೆ, ನಿಧಾನದ ಕಾಲು ತಪ್ಪಿದ್ದು ರೋಗಿಗೇ ತಿಳಿಯುತ್ತದೆ. ಅದೇ, ನಿಮಿಷಕ್ಕೆ 36 ಪೆಟ್ಟಿನ ಹಾಡನ್ನು ಹಾಕಿದರೆ ಪೆಟ್ಟು ಒಂದೇ ಕಾಲಿಗೆ ಬೀಳುತ್ತದೆ. ಇನ್ನೊಂದು ಕಾಲು ನಡುವೆ ಎಲ್ಲಿ ಬೇಕಾದರೂ ಊರಬಹುದು, ಮತ್ತು ಊರುತ್ತದೆ. ಸಂಗೀತಗಾರರಿಗೆ 36 ಮತ್ತು 72 ಒಂದೇ ಲಯದ ಎರಡು ಕಾಲಗಳು. ರೋಗಿಗೆ ಅವು ಎರಡು ಬೇರೆ ಚಿಕಿತ್ಸೆಗಳು. ಎರಡು ಕ್ಷೇತ್ರಗಳ ಅಳತೆ ಒಂದೇ ಎಂದೆ. ಆದರೆ ಪೆಟ್ಟು ಯಾವುದು ಎಂಬುದನ್ನು ಎರಡೂ ಕಡೆಯವರು ಕೂತು ಮೊದಲೇ ಒಪ್ಪಿಕೊಳ್ಳದಿದ್ದರೆ ಆ ಒಂದೇತನ ಹೆಸರಿಗಷ್ಟೇ ಉಳಿಯುತ್ತದೆ.

ಹಾಡಿನ ಆಯ್ಕೆಯೂ ಈ ನಿಯಮದಿಂದಲೇ ಬರಬೇಕು. ಕನ್ನಡದ ರೋಗಿಗಳಿಗೆ ಕನ್ನಡದ ಹಾಡು ಇರಲಿ ಎಂಬ ಆಸೆ ಸಹಜ, ನನಗೂ ಇದೆ. ಆದರೆ ಉಗಾಭೋಗಕ್ಕೆ ತಾಳವಿಲ್ಲ, ಅದಕ್ಕೆ ಹೆಜ್ಜೆ ಹಾಕಲಾಗದು. ಭಜನೆಗೆ ಗಟ್ಟಿಯಾದ ತಾಳದ ಸದ್ದಿದೆ. ಆದರೆ ಬಹಳಷ್ಟು ಭಜನೆಗಳು ನಿಧಾನವಾಗಿ ಎತ್ತಿಕೊಂಡು ಹೋಗುತ್ತ ಹೋಗುತ್ತ ಓಡುತ್ತವೆ. ಹಾಡುವವರಿಗೆ ಅದೇ ಸಂಭ್ರಮ, ಕೋಲು ಹಿಡಿದು ನಡೆಯುವವರಿಗೆ ಅದು ಬೀಳುವ ದಾರಿ. ಮೂರರ ನಡೆಯ ಹಾಡಿನಲ್ಲಿ ಒತ್ತು ಒಮ್ಮೆ ಎಡಗಾಲಿಗೂ ಮರುಬಾರಿ ಬಲಗಾಲಿಗೂ ಬೀಳುವುದರಿಂದ ಆರಂಭದ ದಿನಗಳಿಗೆ ಅದು ಸರಿಹೊಂದದು. ಎಡುಪು ತಾಳದ ಪೆಟ್ಟನ್ನು ಬಿಟ್ಟು ಬೀಳುವ ಕೃತಿಗಳೂ ಹಾಗೆಯೇ. ನಾಲ್ಕರ ನಡೆ, ಕಿವಿಗೆ ನೇರವಾಗಿ ಬೀಳುವ ತಾಳವಾದ್ಯ, ಮೊದಲಿಂದ ಕೊನೆವರೆಗೆ ಕದಲದ ವೇಗ ಇವಿಷ್ಟೂ ಇರುವ ಹಾಡನ್ನು ಹುಡುಕಿ, ಶ್ರುತಿ ಬದಲಾಗದಂತೆ ವೇಗ ಹೊಂದಿಸಿಕೊಳ್ಳುವುದು ಒಳ್ಳೆಯದು. ರೋಗಿಗೆ ಇಷ್ಟದ ಹಾಡು ಅಭ್ಯಾಸ ಬಿಡದಂತೆ ನೋಡಿಕೊಳ್ಳುತ್ತದೆ. ಕಾಲಿಗೆ ಅಳತೆ ಕೊಡುವ ಕೆಲಸ ಮಾತ್ರ ಲಯದ್ದು.

ಈ ವಿಧಾನ ಇತ್ತೀಚೆಗೆ ಮಾರುಕಟ್ಟೆಯ ಉಪಕರಣವೂ ಆಗಿದೆ. ಅಮೆರಿಕದ ಮೆಡ್‌ರಿದಮ್ಸ್ ಎಂಬ ಸಂಸ್ಥೆಯ ಇನ್‌ಟ್ಯಾಂಡೆಮ್‌ನಲ್ಲಿ ಶೂಗೆ ಸಿಕ್ಕಿಸುವ ಸಂವೇದಕಗಳು, ಹೆಡ್‌ಫೋನ್ ಮತ್ತು ನಿಯಂತ್ರಕ ಇವೆ. ಪಾರ್ಶ್ವವಾಯುವಾಗಿ ಬಹುಕಾಲ ಕಳೆದವರು ವೈದ್ಯರ ಚೀಟಿಯ ಮೇಲೆ ಪಡೆದು ಮನೆಯಲ್ಲೇ ಬಳಸುತ್ತಾರೆ. ಥೆರಪಿಸ್ಟ್ ಕಣ್ಣು ಕಿವಿಗಳಿಂದ ಮಾಡುತ್ತಿದ್ದುದನ್ನು ಇಲ್ಲಿ ಸಂವೇದಕ ಮಾಡುತ್ತದೆ: ಹೆಜ್ಜೆ ಲಯಕ್ಕೆ ಕೂತಿದ್ದರೆ ಹಾಡಿನ ವೇಗವನ್ನು ಏರಿಸುತ್ತದೆ, ಇಲ್ಲವಾದರೆ ಏರಿಸುವುದಿಲ್ಲ. 2024ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 87 ಮಂದಿ ಐದು ವಾರ, ವಾರಕ್ಕೆ ಮೂರು ಬಾರಿ ಅರ್ಧ ಗಂಟೆ ನಡೆದರು. ಉಪಕರಣ ಬಳಸಿದವರ ವೇಗ ಸರಾಸರಿ ಸೆಕೆಂಡಿಗೆ 0.14 ಮೀಟರ್ ಹೆಚ್ಚಿತು, ಬರಿದೇ ನಡೆದವರದು 0.06 ಮೀಟರ್. ನಡಿಗೆಯಿಂದಲೇ ಬಂದ ಲಾಭವನ್ನು ಕಳೆದು ಉಳಿದದ್ದಷ್ಟೇ ಲಯದ ಪಾಲು ಎಂದು ಓದಬೇಕು.

ಇಂಥ ಉಪಕರಣ ಕಟ್ಟುವವರಿಗೆ ಎದುರಾಗುವ ಒಂದು ತಾಂತ್ರಿಕ ಪ್ರಶ್ನೆ ಬ್ಲೂಟೂತ್ ಹೆಡ್‌ಫೋನಿನದು. ಅದರಲ್ಲಿ ಧ್ವನಿ ಒಂದೆರಡು ನೂರು ಮಿಲಿಸೆಕೆಂಡು ತಡವಾಗಿ ಬರುವುದುಂಟು. ತಡ ಒಂದೇ ಸಮನಾಗಿದ್ದರೆ ನಡೆಯುವವರಿಗೆ ತೊಂದರೆಯಿಲ್ಲ, ಏಕೆಂದರೆ ಪೆಟ್ಟುಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ತೊಂದರೆ ಅಳೆಯುವ ಯಂತ್ರಕ್ಕೆ. ಪೆಟ್ಟು ಕಳಿಸಿದ ಕ್ಷಣವನ್ನೇ ಕೇಳಿಸಿದ ಕ್ಷಣವೆಂದು ಅದು ಎಣಿಸಿದರೆ, ಸರಿಯಾಗಿ ನಡೆದವರೂ ತಾಳ ತಪ್ಪಿದವರಂತೆ ದಾಖಲಾಗುತ್ತಾರೆ.

ಮಿತಿಗಳ ಬಗ್ಗೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಯುರೋಪಿನಿಂದ ಬಂದಿದೆ. 2007ರಲ್ಲಿ ಪ್ರಕಟವಾದ ರೆಸ್ಕ್ಯೂ ಅಧ್ಯಯನದಲ್ಲಿ ಬ್ರಿಟನ್, ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನ 153 ಪಾರ್ಕಿನ್ಸನ್ ರೋಗಿಗಳ ಮನೆಗೇ ಥೆರಪಿಸ್ಟರು ಹೋಗಿ ಮೂರು ವಾರ ತರಬೇತಿ ಕೊಟ್ಟರು. ಅಲ್ಲಿ ಕೊಟ್ಟ ಸೂಚನೆ ಸದ್ದಿನದೇ ಆಗಬೇಕೆಂದಿರಲಿಲ್ಲ, ಬೆಳಕಿನ ಮಿಣುಕೋ ಮಣಿಕಟ್ಟಿನ ಕಂಪನವೋ ಆಗಿರಬಹುದಿತ್ತು. ನಡಿಗೆ ಸುಧಾರಿಸಿತು, ಆದರೆ ಅಲ್ಪವಾಗಿ: ವೇಗ ಸೆಕೆಂಡಿಗೆ ಸುಮಾರು 5 ಸೆಂಟಿಮೀಟರ್, ಹೆಜ್ಜೆಯುದ್ದ ಸುಮಾರು 4 ಸೆಂಟಿಮೀಟರ್ ಹೆಚ್ಚಿದವು. ತರಬೇತಿ ನಿಂತು ಆರು ವಾರವಾಗುವಷ್ಟರಲ್ಲಿ ಈ ಲಾಭ ಬಹುಪಾಲು ಕರಗಿತ್ತು. ಹದಿನೈದು ಮಂದಿಯ ಅಧ್ಯಯನದ ಶೇ 25ನ್ನು ಹಿಡಿದುಕೊಂಡು ಉಪಕರಣ ಮಾರಲು ಹೊರಡುವವರು ಈ ಅಂಕಿಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಕಂಪನವೂ ಆ ಸೂಚನೆಯಾಗಬಲ್ಲುದು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಲಯ ಕಿವಿಯ ಸೊತ್ತು ಮಾತ್ರ ಅಲ್ಲವಾದರೆ, ಕಿವಿ ಮಂದವಾದ ವೃದ್ಧರಿಗೆ ಮಣಿಕಟ್ಟಿನ ಪಟ್ಟಿಯ ಮೇಲೆ ಅದೇ 72ರ ಮಿಡಿತವನ್ನು ಕೊಡಲು ಸಾಧ್ಯವಿದೆ. ಲಾಭ ಆರು ವಾರಗಳಲ್ಲಿ ಕರಗುವುದೇ ನಿಜವಾದರೆ ಮೂರು ವಾರದ ಸೇವೆ ಸಾಲದು. ಬೆಳಿಗ್ಗೆ ಅಂಗಳದಲ್ಲಿ ನಾಲ್ಕು ಸುತ್ತು ಹಾಕುವಾಗಲೆಲ್ಲ ಜೇಬಿನಲ್ಲಿರುವಂಥ, ವಾರಕ್ಕೊಮ್ಮೆ ಮನೆಯವರೊಬ್ಬರು ಹತ್ತು ಮೀಟರಿನ ಗೆರೆ ಎಳೆದು ಹೆಜ್ಜೆ ಎಣಿಸಿ ಸೆಕೆಂಡು ನೋಡಿ ಬರೆದಿಡುವಂಥ ಏರ್ಪಾಡು ಬೇಕು.